ಸೋರುವ ಮಾಳಿಗೆ: ಮಾಲೀಕರಿಗೆ ಒಂದು ಇ-ಮೇಲ್

ನಮ್ಮೂರು ಕಾಗಿನೆಲೆ. ಬ್ಯಾಡಗಿ ತಾಲೂಕು, ಹಾವೇರಿ ಜಿಲ್ಲೆ. ನಾವು ಹನ್ನೊಂದು ಮಂದಿ ಹೆಣ್ಣುಮಕ್ಕಳು ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಒಂದು ಕೋಣೆ ಬಾಡಿಗೆಗೆ ಹಿಡಿದು ಹೊಲಿಗೆ ಕೆಲಸ ನಡೆಸುತ್ತೇವೆ. ಕೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರ ಇವೆ. ಯಂತ್ರಗಳನ್ನು ಸಾಲ ಮಾಡಿ ತಂದೆವು. ಆ ಸಾಲ ಇನ್ನೂ ತೀರಿಲ್ಲ.

2024ರ ಮಳೆಗಾಲದಲ್ಲಿ ಆ ಕೋಣೆ ಸೋರಿತು. ಎರಡು ತಿಂಗಳು ಸೋರಿತು. ಮಾಲೀಕರು ಮೂರು ಸಲ ಮಾತು ಕೊಟ್ಟರು. ಕೆಲಸ ಆಗಲಿಲ್ಲ. ಆಗ ನಾವು ಅವರಿಗೆ ಒಂದು ಪತ್ರ ಬರೆದೆವು. ಅಂಚೆಯಲ್ಲಿ ಅಲ್ಲ, ಇ-ಮೇಲ್‌ನಲ್ಲಿ. ಆ ಪತ್ರವನ್ನು ಹೇಗೆ ಬರೆದೆವು, ಮೊದಲು ಎಲ್ಲಿ ತಪ್ಪಿದೆವು ಎಂಬುದೇ ಈ ಪಾಠ.

ಮೊದಲ ಹನಿ

ಜೂನ್ 11ರಂದು ಬೆಳಿಗ್ಗೆ ಬಾಗಿಲು ತೆಗೆದೆವು. ನೆಲದ ಮೇಲೆ ನೀರು ನಿಂತಿತ್ತು. ತಲೆ ಎತ್ತಿ ನೋಡಿದೆವು. ಸ್ಲ್ಯಾಬಿನ ಒಂದು ಮೂಲೆಯಲ್ಲಿ ಹಸಿ ಕಲೆ. ಅಲ್ಲಿಂದ ಟಪ್ ಟಪ್ ಅಂತ ಹನಿ.

ಅಧ್ಯಕ್ಷೆ ಅಕ್ಕ ಫೋನ್ ಮಾಡಿದರು. ಮಾಲೀಕರು ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಾರೆ. "ಹೌದ್ರೀ? ಮುಂದಿನ ವಾರ ಗೌಂಡಿನ್ನ ಕಳಸ್ತೀನಿ" ಅಂದರು. ಗೌಂಡಿ ಬರಲಿಲ್ಲ. ಜುಲೈನಲ್ಲಿ ಮತ್ತೆ ಕೇಳಿದೆವು. "ಮಳಿ ನಿಲ್ಲಲಿ ತಡೀರಿ" ಅಂದರು. ಆ ತಿಂಗಳ ಕೊನೆಗೆ ಅವರೇ ಊರಿಗೆ ಬಂದರು. ಕಲೆ ನೋಡಿದರು. "ಪಂಚಮಿ ಆದ ಮ್ಯಾಲೆ ಮಾಡಿಸ್ತೀನ್ರೀ" ಅಂದರು. ಆಗಸ್ಟ್ 9ಕ್ಕೆ ನಾಗರ ಪಂಚಮಿ ಬಂತು, ಹೋಯಿತು. ಹನಿ ಮಾತ್ರ ನಿಲ್ಲಲಿಲ್ಲ.

ಮತ್ತೆ ಫೋನ್ ಮಾಡಿದಾಗ ಅವರು ಹೇಳಿದರು: "ನಾ ಆಫೀಸಿನ್ಯಾಗ ಇರ್ತೀನ್ರೀ. ಫೋನಿನ್ಯಾಗ ಹೇಳಿದ್ದು ಮರತ್ ಹೋಗತೈತಿ. ಒಂದು ಇ-ಮೇಲ್ ಹಾಕ್ರಿ."

ನಮಗೆ ಸಿಟ್ಟು ಬಂತು. ಆದರೆ ಆ ಮಾತು ನಮಗೇ ಒಳ್ಳೆಯದಾಯಿತು. ಫೋನಿನಲ್ಲಿ ಆಡಿದ ಮಾತಿಗೆ ಗುರುತು ಉಳಿಯುವುದಿಲ್ಲ. ಬರೆದ ಮಾತಿಗೆ ತಾರೀಖು ಇರುತ್ತದೆ.

ಸಿಟ್ಟಿನಲ್ಲಿ ಬರೆದ ಪತ್ರ

ಅಂದು ಸಂಜೆ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದೆವು:

"ನೀವು ಮಾತಿಗೆ ತಪ್ಪುವವರು. ಬಾಡಿಗಿ ತಗೊಳ್ಳಾಕ ಬರತೈತಿ, ಮಾಳಿಗಿ ನೋಡಾಕ ಬರೂದಿಲ್ಲ. ನಮ್ಮ ಬಟ್ಟಿ ಎಲ್ಲಾ ಹಾಳಾಗ್ಯಾವು. ಜಲ್ದಿ ರಿಪೇರಿ ಮಾಡಸ್ರಿ. ಇಲ್ಲಾಂದ್ರ ಬಾಡಿಗಿ ಕೊಡೂದಿಲ್ಲ."

ಓದಿ ಎಲ್ಲರೂ ನಕ್ಕೆವು. ಮನಸ್ಸು ಹಗುರಾಯಿತು. ಸಂಘದಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರು ನಗಲಿಲ್ಲ. "ಇದನ್ನ ಓದಿದರ ಅವರು ಮಾಳಿಗಿ ಸರಿ ಮಾಡ್ತಾರೋ, ನಮ್ಮನ್ನ ಖಾಲಿ ಮಾಡಸ್ತಾರೋ?" ಅಂತ ಕೇಳಿದರು. ನಾವು ಸುಮ್ಮನಾದೆವು. ಮತ್ತೆ ಒಂದೊಂದೇ ಸಾಲು ಓದಿದೆವು.

"ಮಾತಿಗೆ ತಪ್ಪುವವರು." ಇದು ಮನುಷ್ಯರ ಬಗ್ಗೆ ಆಡಿದ ಮಾತು. ಓದಿದವರು ಮಾಳಿಗೆಯನ್ನು ಮರೆತು ಜಗಳಕ್ಕೆ ನಿಲ್ಲುತ್ತಾರೆ. ಇದರ ಬದಲು ಯಾವ ದಿನ ಏನು ಹೇಳಿದ್ದರು ಎಂದು ಬರೆದರೆ ಸಾಕು. ತಾರೀಖುಗಳೇ ಮಾತಾಡುತ್ತವೆ.

"ಬಟ್ಟಿ ಎಲ್ಲಾ ಹಾಳಾಗ್ಯಾವು." ಇದು ನಿಜವಲ್ಲ. ಹಾಳಾದದ್ದು ಒಂದು ಸೀರೆ, ಎರಡು ಕುಪ್ಪಸ. ಒಂದು ಸುಳ್ಳು ಸಿಕ್ಕರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

"ಜಲ್ದಿ." ನಮ್ಮ ಜಲ್ದಿ ಅಂದರೆ ನಾಳೆ. ಅವರ ಜಲ್ದಿ ಅಂದರೆ ಮುಂದಿನ ತಿಂಗಳು. ಆದ್ದರಿಂದ ತಾರೀಖು ಬೇಕು.

"ಬಾಡಿಗಿ ಕೊಡೂದಿಲ್ಲ." ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಬಾಡಿಗೆ ನಿಲ್ಲಿಸಿದರೆ ತಪ್ಪು ನಮ್ಮ ಮೇಲೆ ಬರುತ್ತದೆ. ಸೋರುವ ಮಾಳಿಗೆಯ ಮಾತು ಹೋಗಿ, ಬಾಡಿಗೆ ಬಾಕಿಯ ಮಾತು ಮುಂದೆ ಬರುತ್ತದೆ. ಖಾಲಿ ಮಾಡಿಸಲು ಅವರಿಗೆ ಒಂದು ಕಾರಣ ಸಿಗುತ್ತದೆ.

ಆ ಹಾಳೆ ಹರಿದು ಹಾಕಿದೆವು.

ಬರೆಯುವ ಮೊದಲು ನೋಡಿದ್ದು

ಪತ್ರದಲ್ಲಿ ಗಟ್ಟಿ ವಿಷಯ ಬೇಕು. ಅದಕ್ಕಾಗಿ ನಾವು ಮೂರು ದಿನ ಮಾಳಿಗೆಯನ್ನೇ ನೋಡಿದೆವು.

ಮೊದಲು ಹನಿಯ ಕೆಳಗೆ ಬಕೀಟು ಇಟ್ಟೆವು. ಅದು 10 ಲೀಟರಿನ ಬಕೀಟು. ಒಂದು ರಾತ್ರಿಯ ಮಳೆಗೆ ಅರ್ಧ ತುಂಬಿತು. "ಬಹಳ ಸೋರುತ್ತದೆ" ಎನ್ನುವುದಕ್ಕಿಂತ "ಒಂದು ರಾತ್ರಿಗೆ 5 ಲೀಟರ್" ಎನ್ನುವುದು ಗಟ್ಟಿ ಮಾತು.

ಎರಡನೆಯದು, ಮಳೆ ನಿಂತ ಮೇಲೆ ಹನಿ ಯಾವಾಗ ನಿಲ್ಲುತ್ತದೆ ಎಂದು ನೋಡಿದೆವು. ಮಾರನೆಯ ದಿನವೂ ಹನಿ ಬೀಳುತ್ತಿತ್ತು. ಇದಕ್ಕೆ ಅರ್ಥ ಇದೆ. ಮಳೆ ನಿಂತ ಮೇಲೂ ಹನಿ ಬಿದ್ದರೆ, ಮೇಲೆ ಎಲ್ಲೋ ನೀರು ನಿಂತಿರಬಹುದು. ಮಳೆಯೇ ಇಲ್ಲದ ದಿನಗಳಲ್ಲೂ ಹನಿ ಬೀಳುತ್ತಲೇ ಇದ್ದರೆ, ನೀರಿನ ಟಾಕಿ ಅಥವಾ ನಲ್ಲಿ ಪೈಪು ಸೋರುತ್ತಿರಬಹುದು. ಕಾರಣ ಬೇರೆಯಾದರೆ ರಿಪೇರಿಯೂ ಬೇರೆ.

ಮೂರನೆಯದು, ಮೆಟ್ಟಿಲು ಹತ್ತಿ ಮೇಲೆ ನೋಡಿದೆವು. ಆ ಮೂಲೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಮಳೆ ನೀರು ಇಳಿಯುವ ಪೈಪಿನ ಬಾಯಿ ಕಸದಲ್ಲಿ ಮುಚ್ಚಿತ್ತು. ಪಕ್ಕದಲ್ಲೇ ಒಂದು ಬಿರುಕು.

ಕೆಳಗೆ ಬಂದು ಕಲೆಯ ಬಣ್ಣ ನೋಡಿದೆವು. ಅಂಚಿನಲ್ಲಿ ಕೆಂಪು-ಕಂದು ಬಣ್ಣ ಇತ್ತು. ಸ್ಲ್ಯಾಬಿನ ಒಳಗೆ ಕಬ್ಬಿಣದ ಸರಳು ಇರುತ್ತವೆ. ನೀರು ತಾಗಿದರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ. ಉಬ್ಬಿ ಸಿಮೆಂಟನ್ನು ಒಡೆಯುತ್ತದೆ. ಕೊನೆಗೆ ಹೆಪ್ಪೆ ಕಳಚಿ ತಲೆಯ ಮೇಲೆ ಬೀಳಬಹುದು. ಆ ಮೂಲೆಯಲ್ಲಿ ಕೂತು ಹೊಲಿಯುತ್ತಿದ್ದ ಅಕ್ಕನ ಯಂತ್ರವನ್ನು ಅಂದೇ ಸರಿಸಿದೆವು.

ಅಲ್ಲೇ ಒಂದು ಬಲ್ಬಿನ ಹೋಲ್ಡರ್ ಕೂಡ ಇತ್ತು. ಹಸಿ ಗೋಡೆಯಲ್ಲಿ ಕರೆಂಟ್ ಹರಿಯಬಹುದು. ಹಸಿ ಇರುವ ಕಡೆ ಸ್ವಿಚ್ಚು ಮುಟ್ಟಬೇಡಿ. ಮೇನ್ ಸ್ವಿಚ್ಚು ಒಣಗಿದ ಜಾಗದಲ್ಲಿದ್ದರೆ ಅದನ್ನು ಆರಿಸಿ, ಲೈನ್‌ಮನ್ ಅಥವಾ ವೈರಿಂಗ್ ಕೆಲಸದವರಿಗೆ ತೋರಿಸಿ. ಇದಕ್ಕೆ ಮಾಲೀಕರ ಉತ್ತರ ಕಾಯಬಾರದು.

ಕರಾರು ಪತ್ರ ತೆಗೆದೆವು

ಪೆಟ್ಟಿಗೆಯಿಂದ ಬಾಡಿಗೆ ಕರಾರು ಪತ್ರ ತೆಗೆದು ಓದಿದೆವು. ಮೊದಲು ಅದಕ್ಕೆ ಹೆಬ್ಬೆಟ್ಟು ಒತ್ತಿದ್ದವರೂ ನಮ್ಮಲ್ಲಿ ಇದ್ದರು. ಈಗ ಅವರೇ ಬೆರಳಿಟ್ಟು ಓದಿದರು. "ಸುಣ್ಣ-ಬಣ್ಣ ಬಾಡಿಗೆದಾರರದು. ಗೋಡೆ ಮತ್ತು ಮಾಳಿಗೆ ರಿಪೇರಿ ಮಾಲೀಕರದು" ಎಂದು ಬರೆದಿತ್ತು.

ಈ ಒಂದು ಸಾಲು ಬಹಳ ಮುಖ್ಯ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಎಂದು ಒಂದು ಕಾನೂನು ಇದೆ. ಅದರ 108ನೇ ಕಲಮು ಹೀಗೆ ಹೇಳುತ್ತದೆ: ಮಾಲೀಕರು ಮಾಡಿಸಲೇಬೇಕಾದ ರಿಪೇರಿ ಇದ್ದರೆ, ಬಾಡಿಗೆದಾರರು ಅವರಿಗೆ ತಿಳಿಸಬೇಕು. ತಿಳಿಸಿದ ಮೇಲೆ ತಕ್ಕಷ್ಟು ಸಮಯ ಕೊಡಬೇಕು. ಆಗಲೂ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು.

ಆದರೆ ಎಚ್ಚರ. ರಿಪೇರಿ ಮಾಲೀಕರದು ಎಂದು ಕರಾರಿನಲ್ಲಿ ಇಲ್ಲದಿದ್ದರೆ ಈ ದಾರಿ ಗಟ್ಟಿಯಲ್ಲ. ಕರಾರಿನಲ್ಲಿ ಇದ್ದರೂ ಅವಸರ ಬೇಡ. ಮೊದಲು ಬಲ್ಲವರನ್ನು ಕೇಳಬೇಕು. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಪುಕ್ಕಟೆ ಸಲಹೆ ಸಿಗುತ್ತದೆ. 15100 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು.

"ತಿಳಿಸಬೇಕು" ಎಂಬ ಮಾತು ನೋಡಿ. ತಿಳಿಸಿದ್ದಕ್ಕೆ ಗುರುತು ಬೇಕಲ್ಲ? ನಮ್ಮ ಇ-ಮೇಲ್ ಆ ಗುರುತು. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ಇಂಥ ಬರಹಕ್ಕೂ ಮಾನ್ಯತೆ ಕೊಟ್ಟಿದೆ. ಹಾಗೆಂದು ಪತ್ರದಲ್ಲಿ ನಾವು ಕಾನೂನಿನ ಹೆಸರು ಎತ್ತಲಿಲ್ಲ. ಮೊದಲ ಪತ್ರದಲ್ಲೇ ಕೋರ್ಟಿನ ಮಾತು ಬಂದರೆ ಸಂಬಂಧ ಕೆಡುತ್ತದೆ. ಕರಾರಿನ ಸಾಲನ್ನು ಮಾತ್ರ ನೆನಪಿಸಿದೆವು.

ನಾವು ಬರೆದ ಪತ್ರ

ಇ-ಮೇಲ್ ಬರೆಯುವ ಪುಟದಲ್ಲಿ ಮೇಲೆ ಎರಡು ಸಾಲು ಇರುತ್ತವೆ. `To` ಎಂದಿರುವ ಕಡೆ ಮಾಲೀಕರ ವಿಳಾಸ. `Subject` ಎಂದಿರುವ ಕಡೆ ವಿಷಯ. ವಿಷಯದ ಸಾಲನ್ನು ಖಾಲಿ ಬಿಡಬಾರದು. ನೂರು ಪತ್ರಗಳ ನಡುವೆ ಅವರು ಮೊದಲು ನೋಡುವುದು ಆ ಸಾಲನ್ನೇ. ನಾವು ಹೀಗೆ ಬರೆದೆವು:

ವಿಷಯ: ಕಾಗಿನೆಲೆ ಕೋಣೆಯ ಮಾಳಿಗೆ ಸೋರುವುದು – ಆಗಸ್ಟ್ 20ರೊಳಗೆ ಗೌಂಡಿ ಕಳಿಸಲು ವಿನಂತಿ

ಮಾನ್ಯರೇ, ನಮಸ್ಕಾರ.

ನೀವೂ ಮನೆಯವರೂ ಕ್ಷೇಮವೆಂದು ನಂಬಿದ್ದೇವೆ. ನಾವು ಕಾಗಿನೆಲೆಯ ನಿಮ್ಮ ಕೋಣೆಯಲ್ಲಿ ಹೊಲಿಗೆ ಕೆಲಸ ಮಾಡುವ ಸಂಘದವರು.

ಕೋಣೆಯ ಮಾಳಿಗೆ ಜೂನ್ 11ರಿಂದ ಸೋರುತ್ತಿದೆ. ಬಾಗಿಲಿನ ಬಲಗಡೆ ಮೂಲೆಯಲ್ಲಿ ಹನಿ ಬೀಳುತ್ತದೆ. ಒಂದು ರಾತ್ರಿಯ ಮಳೆಗೆ ಸುಮಾರು 5 ಲೀಟರ್ ನೀರು ಬೀಳುತ್ತದೆ. ಮಳೆ ನಿಂತ ಮಾರನೆಯ ದಿನವೂ ಹನಿ ನಿಲ್ಲುವುದಿಲ್ಲ. ಮೇಲೆ ನೀರು ಇಳಿಯುವ ಪೈಪು ಕಟ್ಟಿದೆ. ಅಲ್ಲಿ ನೀರು ನಿಂತಿದೆ. ಪಕ್ಕದಲ್ಲಿ ಬಿರುಕು ಇದೆ. ಮೂರು ಫೋಟೋ ಜೊತೆಗಿಟ್ಟಿದ್ದೇವೆ.

ಈ ವಿಷಯ ಜೂನ್ 14ರಂದು ಫೋನಿನಲ್ಲಿ ತಿಳಿಸಿದ್ದೆವು. ಮುಂದಿನ ವಾರ ಗೌಂಡಿಯನ್ನು ಕಳಿಸುವುದಾಗಿ ಹೇಳಿದ್ದಿರಿ. ಜುಲೈ 3ರಂದು ಮಳೆ ನಿಂತ ಮೇಲೆ ಎಂದಿರಿ. ಜುಲೈ 28ರಂದು ನೀವೇ ಬಂದು ನೋಡಿ, ಪಂಚಮಿ ಆದ ಮೇಲೆ ಎಂದಿರಿ. ಕೆಲಸದ ಒತ್ತಡದಲ್ಲಿ ನೆನಪು ಹೋಗಿರಬಹುದು.

ಈವರೆಗೆ ಒಂದು ಸೀರೆ, ಎರಡು ಕುಪ್ಪಸ ಹಾಳಾಗಿವೆ. ಒಂದು ಯಂತ್ರ ನಿಲ್ಲಿಸಿದ್ದೇವೆ. ಕಲೆಯಲ್ಲಿ ತುಕ್ಕಿನ ಬಣ್ಣ ಕಾಣುತ್ತಿದೆ. ಹೀಗೇ ಬಿಟ್ಟರೆ ನಿಮ್ಮ ಕಟ್ಟಡಕ್ಕೂ ಹಾನಿ ಎಂದು ನಮಗೆ ಚಿಂತೆಯಾಗಿದೆ.

ಮಳೆಯಲ್ಲಿ ಪೂರ್ತಿ ರಿಪೇರಿ ಆಗುವುದಿಲ್ಲ ಎಂಬುದು ನಮಗೂ ಗೊತ್ತು. ಆದ್ದರಿಂದ ಎರಡು ವಿನಂತಿ:
1. ಆಗಸ್ಟ್ 20ರೊಳಗೆ ಗೌಂಡಿಯನ್ನು ಕಳಿಸಿ. ಪೈಪಿನ ಬಾಯಿ ಸ್ವಚ್ಛ ಮಾಡಿಸಿ, ತಾಡಪತ್ರಿ ಹಾಕಿಸಿ.
2. ಮಳೆ ಮುಗಿದು ಮಾಳಿಗೆ ಒಣಗಿದ ಮೇಲೆ, ನವೆಂಬರ್ 30ರೊಳಗೆ ಬಿರುಕಿನ ರಿಪೇರಿ ಮಾಡಿಸಿ.

ನಮ್ಮ ಕರಾರು ಪತ್ರದಲ್ಲಿ ಮಾಳಿಗೆಯ ರಿಪೇರಿ ಮಾಲೀಕರದು ಎಂದಿದೆ. ಬಾಡಿಗೆಯನ್ನು ಪ್ರತಿ ತಿಂಗಳಿನಂತೆ ಸರಿಯಾಗಿ ಕೊಡುತ್ತೇವೆ. ಗೌಂಡಿ ಬರುವ ದಿನ ತಿಳಿಸಿದರೆ ಕೋಣೆ ಖಾಲಿ ಮಾಡಿಕೊಡುತ್ತೇವೆ. ನಿಮ್ಮ ಉತ್ತರ ಕಾಯುತ್ತಿದ್ದೇವೆ.

ವಂದನೆಗಳೊಂದಿಗೆ,
ಅಧ್ಯಕ್ಷೆ ಮತ್ತು ಸದಸ್ಯೆಯರು, ಹೊಲಿಗೆ ಸಂಘ, ಕಾಗಿನೆಲೆ
12 ಆಗಸ್ಟ್ 2024

ಕೊನೆಗೆ ಹೆಸರು ಮರೆಯಬೇಡಿ. ಕನಕದಾಸರ ಕೀರ್ತನೆಗಳ ಕೊನೆಗೆ ನಮ್ಮೂರ ಆದಿಕೇಶವನ ಹೆಸರು ಬರುತ್ತದೆ. ಆ ಹೆಸರು ಕೇಳಿದೊಡನೆ ಇದು ಕನಕದಾಸರದು ಎಂದು ತಿಳಿಯುತ್ತದೆ. ಪತ್ರಕ್ಕೂ ಹಾಗೇ ಗುರುತು ಬೇಕು. ನಮ್ಮ ಪತ್ರದಲ್ಲಿ ಅಧ್ಯಕ್ಷೆ ಅಕ್ಕನ ಹೆಸರು, ಫೋನ್ ನಂಬರು ಇದ್ದವು. ಇಲ್ಲಿ ಬಿಟ್ಟಿದ್ದೇವೆ.

ಅಜ್ಜಿ ಪತ್ರ ಕೇಳಿ ಒಂದು ಮಾತು ಅಂದರು. "ಮಳ್ಯಾಗ ಆಗೂದಿಲ್ಲ ಅನ್ನೂದು ಖರೇನ ಐತಿ. ಅದನ್ನ ಒಪ್ಪಿಕೊಂಡ್ರಿ, ಚಲೋ ಆತು." ಹೌದು. ಹಸಿ ಸಿಮೆಂಟಿನ ಮೇಲೆ ಬಿರುಕು ತುಂಬಿದರೆ ಹಿಡಿಯುವುದಿಲ್ಲ. ಮಾಲೀಕರ ಮಾತಿನಲ್ಲಿ ಅರ್ಧ ನಿಜ ಇತ್ತು. ಪೈಪು ಸ್ವಚ್ಛ ಮಾಡಲು ಮಳೆ ನಿಲ್ಲಬೇಕಾಗಿಲ್ಲ ಎಂಬುದು ಉಳಿದ ಅರ್ಧ. ಕೆಲಸವನ್ನು ಎರಡು ಭಾಗ ಮಾಡಿದ್ದರಿಂದ "ಮಳಿ ನಿಲ್ಲಲಿ" ಎನ್ನುವ ನೆಪಕ್ಕೆ ಜಾಗ ಉಳಿಯಲಿಲ್ಲ.

ಕಳಿಸುವಾಗ ಆದ ತಪ್ಪು

ಫೋಟೋ ಮೂರು ತೆಗೆದಿದ್ದೆವು. ಒಂದರಲ್ಲಿ ಬಾಗಿಲು ಮತ್ತು ಕಲೆ ಎರಡೂ ಕಾಣುತ್ತವೆ. ಅದರಿಂದ ಜಾಗ ತಿಳಿಯುತ್ತದೆ. ಒಂದರಲ್ಲಿ ಕಲೆ ಹತ್ತಿರದಿಂದ. ಒಂದರಲ್ಲಿ ಮೇಲೆ ನಿಂತ ನೀರು. ಕ್ಲಿಪ್ಪಿನ ಗುರುತು ಒತ್ತಿ ಫೋಟೋ ಸೇರಿಸಿದೆವು.

ವಿಳಾಸದಲ್ಲಿ ಒಂದು ಚುಕ್ಕೆ ಬಿಟ್ಟುಹೋಯಿತು. ಐದು ನಿಮಿಷದಲ್ಲಿ ನಮಗೇ ಒಂದು ಪತ್ರ ವಾಪಸ್ ಬಂತು. `Address not found` ಎಂದಿತ್ತು. ವಿಳಾಸ ಸಿಗಲಿಲ್ಲ ಎಂದು ಅರ್ಥ. ಈ ಮಾತು ಬಂದರೆ ಪತ್ರ ಮುಟ್ಟಿಲ್ಲ ಎಂದು ತಿಳಿಯಿರಿ. ಇ-ಮೇಲ್ ವಿಳಾಸದಲ್ಲಿ ಒಂದು ಅಕ್ಷರ, ಒಂದು ಚುಕ್ಕೆಯೂ ತಪ್ಪಬಾರದು. ನಡುವೆ ಜಾಗ ಬಿಡಬಾರದು. ಸರಿ ಮಾಡಿ ಮತ್ತೆ ಕಳಿಸಿದೆವು. `Sent` ಎಂಬಲ್ಲಿ ಪತ್ರವೂ ತಾರೀಖೂ ಕಂಡವು. ಪತ್ರ ಹಾಕಿದ್ದೇವೆ ಎಂದು ಮಾಲೀಕರಿಗೆ ಫೋನ್ ಮಾಡಿಯೂ ಹೇಳಿದೆವು.

ಉತ್ತರ ಬರಲಿಲ್ಲ

ಆಗಸ್ಟ್ 20 ಬಂತು. ಉತ್ತರ ಇಲ್ಲ. ಮರುದಿನ ಎರಡನೇ ಪತ್ರ ಬರೆದೆವು. ಹೊಸದಾಗಿ ಅಲ್ಲ. ಹಳೆಯ ಪತ್ರವನ್ನೇ ತೆರೆದು `Reply` ಒತ್ತಿ ಬರೆದೆವು. ಹಾಗೆ ಮಾಡಿದರೆ ಹಳೆಯ ಪತ್ರವೂ ಜೊತೆಗೇ ಹೋಗುತ್ತದೆ. ಪತ್ರ ಮೂರೇ ಸಾಲು:

"ಮಾನ್ಯರೇ, ಆಗಸ್ಟ್ 12ರ ನಮ್ಮ ಪತ್ರ ಕೆಳಗಿದೆ. ಈ ವಾರದ ಮಳೆಗೆ ಸೋರುವುದು ಹೆಚ್ಚಾಗಿದೆ. ಗೌಂಡಿ ಯಾವ ದಿನ ಬರುತ್ತಾರೆ ಎಂದು ಆಗಸ್ಟ್ 24ರೊಳಗೆ ದಯವಿಟ್ಟು ತಿಳಿಸಿ."

ಆಗಸ್ಟ್ 23ಕ್ಕೆ ಉತ್ತರ ಬಂತು. "ನಾನು ಗೌಂಡಿಗೆ ಎರಡು ಸಲ ಹೇಳಿದ್ದೆ, ಅವನು ಬಂದಿದ್ದಾನೆ ಅಂತ ತಿಳಿದಿದ್ದೆ. ಫೋಟೋ ನೋಡಿದ ಮೇಲೆ ಗೊತ್ತಾಯಿತು. ಭಾನುವಾರ ನಾನೇ ಬರುತ್ತೇನೆ" ಎಂದಿತ್ತು. ಭಾನುವಾರ ಗೌಂಡಿಯನ್ನು ಕರೆದುಕೊಂಡೇ ಬಂದರು. ಪೈಪಿನಿಂದ ಎಲೆ, ಪ್ಲಾಸ್ಟಿಕ್ ಚೀಲ, ಹಳೆಯ ಚಿಂದಿ ಹೊರಬಂದವು. ನಿಂತ ನೀರು ಇಳಿದುಹೋಯಿತು. ತಾಡಪತ್ರಿ ಹಾಕಿದರು. ಎರಡು ದಿನಕ್ಕೆ ಹನಿ ನಿಂತಿತು.

ಚಿಂದಿ ನೋಡಿ ನಮಗೆ ನಾಚಿಕೆಯಾಯಿತು. ಅದು ನಮ್ಮದೇ ಹೊಲಿಗೆಯ ಚಿಂದಿ. ಮೇಲೆ ಒಣಗಲು ಹಾಕಿದ್ದು ಗಾಳಿಗೆ ಹಾರಿ ಹೋಗಿತ್ತು. ಸಿಟ್ಟಿನ ಪತ್ರ ಕಳಿಸಿದ್ದರೆ ಅಂದು ಮಾಲೀಕರ ಮುಖ ಹೇಗೆ ನೋಡುತ್ತಿದ್ದೆವು? ಈಗ ತಿಂಗಳಿಗೊಮ್ಮೆ ಪೈಪಿನ ಬಾಯಿ ನಾವೇ ಸ್ವಚ್ಛ ಮಾಡುತ್ತೇವೆ.

ನವೆಂಬರಿನಲ್ಲಿ ಬಿರುಕು ತುಂಬಿಸಿದರು. 2025ರ ಮೊದಲ ಮಳೆಗೆ ಮತ್ತೆ ಬಕೀಟು ಇಟ್ಟು ಕಾದೆವು. ಹನಿ ಬೀಳಲಿಲ್ಲ. ಗೋಡೆಯ ಅಂಚಿನಲ್ಲಿ ಅಂಗೈಯಷ್ಟು ಹಸಿ ಮಾತ್ರ ಕಂಡಿತು. ಆ ದಿನವೇ ಹಳೆಯ ಪತ್ರ ತೆರೆದು ತಾರೀಖು ಹಾಕಿ ಬರೆದೆವು. ಈ ಸಲ ಬರೆದವರು, ಮೊದಲು ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದ ಅಕ್ಕ.

ಅಭ್ಯಾಸ

1. ಸಿಟ್ಟಿನ ಪತ್ರದಲ್ಲಿ "ಜಲ್ದಿ" ಎಂಬ ಮಾತು ಏಕೆ ಸಾಲದು?
2. ಮಳೆ ನಿಂತ ಮಾರನೆಯ ದಿನವೂ ಹನಿ ಬಿದ್ದರೆ ಏನು ತಿಳಿಯಬೇಕು?
3. `Address not found` ಎಂದು ಬಂದರೆ ಏನು ಮಾಡಬೇಕು?
4. ನಿಮ್ಮ ಬಾಡಿಗೆ ಕರಾರು ಪತ್ರ ತೆಗೆಯಿರಿ. ರಿಪೇರಿ ಯಾರದು ಎಂದು ಬರೆದ ಸಾಲನ್ನು ಹುಡುಕಿ ಓದಿರಿ.
5. ನಿಮ್ಮ ಮನೆಯಲ್ಲಿ ಕೆಟ್ಟಿರುವ ಒಂದನ್ನು ನೋಡಿರಿ. ಎಲ್ಲಿ, ಯಾವಾಗಿನಿಂದ, ಎಷ್ಟು, ಯಾವ ತಾರೀಖಿನೊಳಗೆ ಸರಿಯಾಗಬೇಕು, ಈ ನಾಲ್ಕನ್ನೂ ಸೇರಿಸಿ ಐದು ಸಾಲು ಬರೆಯಿರಿ.